ಚೆಕ್ಕೇ ಅದೇ ದಿನ ಪಾಸಾಗುವಾಗ ಮನೆ ಮಾರುವವರು ಡಿಡಿಯನ್ನೇ ಏಕೆ ಕೇಳುತ್ತಾರೆ?

2025ರ ಅಕ್ಟೋಬರ್ 4ರಿಂದ ದೇಶದ ಬ್ಯಾಂಕುಗಳಲ್ಲಿ ಚೆಕ್ ಪಾಸಾಗುವ ರೀತಿ ಬದಲಾಗಿದೆ. ಮೊದಲು ದಿನದ ಚೆಕ್‌ಗಳನ್ನೆಲ್ಲ ಒಟ್ಟುಗೂಡಿಸಿ ಕಳಿಸುತ್ತಿದ್ದರು. ಈಗ ಹಗಲಿನ ನಿಗದಿತ ಅವಧಿಯಲ್ಲಿ ಚೆಕ್ ಬಂದ ಹಾಗೆಲ್ಲ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಹಣ ಕೊಡಬೇಕಾದ ಬ್ಯಾಂಕ್ ಅದೇ ದಿನ ಸಂಜೆ 7ರೊಳಗೆ 'ಸರಿ' ಅಥವಾ 'ಇಲ್ಲ' ಎಂದು ಹೇಳಬೇಕು. ಏನೂ ಹೇಳದಿದ್ದರೆ ಚೆಕ್ ಪಾಸಾಯಿತು ಎಂದೇ ಲೆಕ್ಕ. ಇನ್ನೊಂದು ಕಡೆ ಖಾತೆಯಿಂದ ಖಾತೆಗೆ ಆನ್‌ಲೈನ್‌ನಲ್ಲಿ ಹಣ ಕಳಿಸುವ ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜೆ ಭಾನುವಾರ ಎನ್ನದೆ ನಡೆಯುತ್ತಿವೆ.

ಹೀಗಿದ್ದೂ ಮನೆ ಕೊಳ್ಳಲು ಹೋದವರಿಗೆ 'ಬಾಕಿ ಹಣಕ್ಕೆ ಡಿಡಿ ತನ್ನಿ' ಎಂಬ ಮಾತು ಎದುರಾಗುತ್ತದೆ. ಗೃಹಸಾಲ ಕೊಡುವ ಬ್ಯಾಂಕ್ ಕೂಡ ಅನೇಕ ಸಲ ಮಾರುವವರ ಖಾತೆಗೆ ನೇರ ಹಣ ಹಾಕದೆ, ಅವರ ಹೆಸರಿನಲ್ಲಿ ಡಿಡಿ ಅಥವಾ ಬ್ಯಾಂಕರ್ಸ್ ಚೆಕ್ ಮಾಡಿಸಿಡುತ್ತದೆ. ಕೋಟಿ ರೂಪಾಯಿಯೂ ಕೆಲವೇ ನಿಮಿಷದಲ್ಲಿ ಖಾತೆಯಿಂದ ಖಾತೆಗೆ ಹೋಗುವ ಕಾಲದಲ್ಲಿ ಈ ಕಾಗದ ಏಕೆ ಎಂದು ಓದುಗರು ಕೇಳುವುದು ಸಹಜ. ಇದು ಬರೀ ಹಳೆಯ ಅಭ್ಯಾಸವೇ? ಕೆಲವು ಕಡೆ ಹೌದು. ಆದರೆ ಒಂದು ಸಂದರ್ಭದಲ್ಲಿ ಈ ಕಾಗದ ಮಾಡುವ ಕೆಲಸವನ್ನು ಆನ್‌ಲೈನ್ ವರ್ಗಾವಣೆ ಇನ್ನೂ ಮಾಡುತ್ತಿಲ್ಲ. ಯಾವುದು ಅಭ್ಯಾಸ, ಯಾವುದು ಅಗತ್ಯ ಎಂದು ಬೇರ್ಪಡಿಸಿ ನೋಡಿದರೆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಡಿಡಿಯಲ್ಲಿ ಹಣ ಮೊದಲೇ ಹೊರಗೆ ಬಂದಿರುತ್ತದೆ

ಚೆಕ್ ಎಂದರೆ ಖಾತೆದಾರ ತನ್ನ ಬ್ಯಾಂಕಿಗೆ ಬರೆಯುವ ಆದೇಶ. ಅದು ಬ್ಯಾಂಕಿಗೆ ತಲುಪಿದ ದಿನ ಖಾತೆಯಲ್ಲಿ ಹಣ ಇರಬಹುದು, ಇಲ್ಲದೆಯೂ ಇರಬಹುದು. ಬರೆದವರು ಮಧ್ಯದಲ್ಲಿ 'ಪಾವತಿ ನಿಲ್ಲಿಸಿ' ಎಂದು ಬ್ಯಾಂಕಿಗೆ ಹೇಳಲೂಬಹುದು.

ಡಿಡಿ ಹಾಗಲ್ಲ. ಡಿಡಿ ಕೇಳಿದ ಕ್ಷಣದಲ್ಲೇ ಬ್ಯಾಂಕ್ ನಿಮ್ಮ ಖಾತೆಯಿಂದ ಹಣ ತೆಗೆದುಕೊಂಡಿರುತ್ತದೆ. ಆಮೇಲೆ ಅದು ತನ್ನದೇ ಇನ್ನೊಂದು ಶಾಖೆಗೆ 'ಈ ಹೆಸರಿನವರಿಗೆ ಇಷ್ಟು ಕೊಡು' ಎಂದು ಬರೆಯುತ್ತದೆ. ಹಣ ಕೊಡುವ ಹೊಣೆ ಬ್ಯಾಂಕಿನದೇ. ಹಾಗಾಗಿ ಖಾತೆಯಲ್ಲಿ ಹಣವಿಲ್ಲ ಎಂಬ ಕಾರಣಕ್ಕೆ ಡಿಡಿ ಬೌನ್ಸ್ ಆಗುವುದಿಲ್ಲ. ಅದನ್ನು ಹಣ ಪಡೆಯುವವರ ಕೈಗೆ ಕೊಟ್ಟ ಮೇಲೆ, ಮಾಡಿಸಿದವರು ಮನಸ್ಸು ಬದಲಾಯಿತು ಎಂದು ತಡೆಯುವುದಕ್ಕೂ ಆಗುವುದಿಲ್ಲ.

ಬ್ಯಾಂಕರ್ಸ್ ಚೆಕ್ ಅಥವಾ ಪೇ ಆರ್ಡರ್ ಕೂಡ ಇದೇ ಜಾತಿಯದು. ಮೊದಲು ಊರೊಳಗಿನ ಪಾವತಿಗೆ ಪೇ ಆರ್ಡರ್, ಪರ ಊರಿಗೆ ಡಿಡಿ ಎಂಬ ಭೇದವಿತ್ತು. ಶಾಖೆಗಳೆಲ್ಲ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿ, ಚೆಕ್‌ಗಳು ಚಿತ್ರದ ರೂಪದಲ್ಲಿ ಕ್ಲಿಯರಿಂಗ್‌ಗೆ ಹೋಗಲು ಶುರುವಾದ ಮೇಲೆ ಈ ಭೇದಕ್ಕೆ ದಿನನಿತ್ಯದ ವ್ಯವಹಾರದಲ್ಲಿ ಹೆಚ್ಚು ಬೆಲೆ ಉಳಿದಿಲ್ಲ. ಈ ಲೇಖನದಲ್ಲಿ ಎರಡನ್ನೂ ಸೇರಿಸಿಯೇ ಡಿಡಿ ಎನ್ನುತ್ತೇನೆ.

ಕೆಲವು ನಿಯಮಗಳನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಡಿಡಿಯ ಆಯುಷ್ಯ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. 2012ರ ಏಪ್ರಿಲ್‌ಗೂ ಮುಂಚೆ ಇದು ಆರು ತಿಂಗಳಿತ್ತು. ₹20,000 ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಡಿಡಿಯನ್ನು 'ಅಕೌಂಟ್ ಪೇಯಿ' ಎಂದು ಗೆರೆ ಹಾಕಿಯೇ ಕೊಡುತ್ತಾರೆ, ಅಂದರೆ ಅದರ ಹಣ ಖಾತೆಗೇ ಹೋಗಬೇಕು. ₹50,000 ಅಥವಾ ಅದಕ್ಕಿಂತ ಜಾಸ್ತಿಯಾದರೆ ನಗದು ಕೊಟ್ಟು ಡಿಡಿ ಮಾಡಿಸಲು ಆಗುವುದಿಲ್ಲ. 2018ರ ಸೆಪ್ಟೆಂಬರ್ 15ರಿಂದ ಡಿಡಿಯ ಮುಖದ ಮೇಲೆ ಅದನ್ನು ಮಾಡಿಸಿದವರ ಹೆಸರೂ ಇರಬೇಕು. ಈ ಕೊನೆಯ ನಿಯಮದ ಉಪಯೋಗ ಮುಂದೆ ಗೊತ್ತಾಗುತ್ತದೆ.

ಆನ್‌ಲೈನ್‌ನಲ್ಲಿ ಇಲ್ಲದ ಮಧ್ಯದ ಸ್ಥಿತಿ

ಆನ್‌ಲೈನ್ ವರ್ಗಾವಣೆಗೆ ಎರಡೇ ಸ್ಥಿತಿ. ಹಣ ನಿಮ್ಮ ಖಾತೆಯಲ್ಲಿದೆ, ಇಲ್ಲವೇ ಅವರ ಖಾತೆಗೆ ಹೋಗಿದೆ. ಡಿಡಿಗೆ ಮೂರನೆಯದೂ ಒಂದಿದೆ. ಹಣ ನಿಮ್ಮ ಖಾತೆಯಿಂದ ಹೊರಗೆ ಬಂದಿದೆ, ಆದರೆ ಇನ್ನೂ ಅವರ ಖಾತೆಗೆ ಹೋಗಿಲ್ಲ. ಕಾಗದವಾಗಿ ಮೇಜಿನ ಮೇಲೆ ಕೂತಿದೆ. ಕೊಡುವ ಹಣ ಸಿದ್ಧವಿದೆ ಎಂದು ಎದುರಿನವರು ಕಣ್ಣಾರೆ ನೋಡಬಹುದು, ಆದರೆ ಮುಟ್ಟುವ ಹಾಗಿಲ್ಲ.

ಆಸ್ತಿ ಮಾರಾಟದಲ್ಲಿ ಬೇಕಾಗಿರುವುದು ಇದೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರುವವರು ಕ್ರಯಪತ್ರಕ್ಕೆ ಸಹಿ ಹಾಕಿ ಹೆಬ್ಬೆಟ್ಟು ಕೊಟ್ಟರೆ ಆಸ್ತಿ ಕೈಬಿಟ್ಟ ಹಾಗೆ. ಹಾಗಾಗಿ ಹಣದ ಖಾತ್ರಿ ಸಿಗದೆ ಅವರು ಸಹಿ ಹಾಕುವುದಿಲ್ಲ. ಕೊಳ್ಳುವವರ ಕಡೆಯಿಂದ ನೋಡಿದರೆ, ಅರ್ಧ ಕೋಟಿ ರೂಪಾಯಿ ಮಾರುವವರ ಖಾತೆಗೆ ಹೋದ ಮೇಲೆ ಅವರು ಸಹಿ ಹಾಕಲು ನಿರಾಕರಿಸಿದರೆ ಗತಿ ಏನು? ಹೋದ ಆರ್‌ಟಿಜಿಎಸ್ ಹಣವನ್ನು ಬ್ಯಾಂಕ್ ತಾನಾಗಿ ವಾಪಸ್ ತರಿಸುವುದಿಲ್ಲ. ಪಡೆದವರು ಒಪ್ಪಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು. ಇಬ್ಬರ ಅನುಮಾನವೂ ನ್ಯಾಯವಾದದ್ದೇ. ಡಿಡಿ ಈ ಗಂಟನ್ನು ಬಿಡಿಸುತ್ತದೆ. ಸಹಿ ಆಗುವವರೆಗೆ ಅದು ಕೊಳ್ಳುವವರ ಅಥವಾ ಅವರ ಬ್ಯಾಂಕ್ ಪ್ರತಿನಿಧಿಯ ಕೈಯಲ್ಲಿರುತ್ತದೆ, ಸಹಿ ಆದ ಕೂಡಲೇ ಕೈ ಬದಲಾಗುತ್ತದೆ.

ಚೆಕ್ ಅದೇ ದಿನ ಪಾಸಾಗುತ್ತದಲ್ಲ, ಅದು ಸಾಲದೇ? ಸಾಲದು. ಬೆಳಿಗ್ಗೆ 11ಕ್ಕೆ ನೋಂದಣಿಯಾದರೆ, ಚೆಕ್ ಪಾಸಾಯಿತೋ ಇಲ್ಲವೋ ತಿಳಿಯುವ ಹೊತ್ತಿಗೆ ಸಂಜೆಯಾಗಿರಬಹುದು. ಅಷ್ಟರಲ್ಲಿ ಆಸ್ತಿ ಬೇರೆಯವರ ಹೆಸರಿಗೆ ಹೋಗಿಯಾಗಿರುತ್ತದೆ. ಕ್ಲಿಯರಿಂಗ್ ಎಷ್ಟೇ ವೇಗವಾದರೂ ಸಹಿಗೂ ಹಣಕ್ಕೂ ನಡುವೆ ಒಂದು ಅಂತರ ಉಳಿಯುತ್ತದೆ. ಹೊಸ ವ್ಯವಸ್ಥೆ ಆ ಅಂತರವನ್ನು ದಿನಗಳಿಂದ ಗಂಟೆಗಳಿಗೆ ಇಳಿಸಿದೆ, ಅಷ್ಟೇ.

ಇನ್ನೊಂದು ಸಣ್ಣ ಆದರೆ ಗಟ್ಟಿ ಕಾರಣವೂ ಇದೆ. ಕ್ರಯಪತ್ರದಲ್ಲಿ ಹಣ ಯಾವ ರೀತಿ ಸಂದಾಯವಾಯಿತು ಎಂದು ಬರೆಯಬೇಕು. ಕರ್ನಾಟಕದಲ್ಲಿ ಆಸ್ತಿ ನೋಂದಣಿಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದ ಮೇಲೆ ಪತ್ರದ ಕರಡನ್ನು ಮೊದಲೇ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಕಚೇರಿ ಅದನ್ನು ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ ದಿನ ಗೊತ್ತುಮಾಡಿಕೊಳ್ಳಬೇಕು. ಡಿಡಿಯಾದರೆ ಅದರ ಸಂಖ್ಯೆ, ದಿನಾಂಕ, ಬ್ಯಾಂಕಿನ ಹೆಸರು ಮೊದಲೇ ಗೊತ್ತಿರುತ್ತದೆ, ಕರಡಿನಲ್ಲೇ ಬರೆಯಬಹುದು. ಆರ್‌ಟಿಜಿಎಸ್ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಹುಟ್ಟುವುದೇ ಹಣ ಕಳಿಸಿದ ಮೇಲೆ. ಅದು ಪತ್ರದಲ್ಲಿ ಇರಬೇಕೆಂದರೆ ನೋಂದಣಿಗೆ ಮುಂಚೆಯೇ ಹಣ ಹೋಗಿರಬೇಕು. ಕೊಳ್ಳುವವರಿಗೆ ಬೇಡವಾದದ್ದೂ ಅದೇ ಅಲ್ವಾ?

ಮಾರುವವರ ಭಯ ಸುಮ್ನೆ ಬಂದದ್ದಲ್ಲ

ಹಣ ಬರದಿದ್ದರೆ ಮಾರಾಟ ರದ್ದಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ, ಬೆಲೆ ಕೊಟ್ಟಿದ್ದರೂ ಅದು ಮಾರಾಟ, ಕೊಡುತ್ತೇನೆಂದು ಮಾತು ಕೊಟ್ಟಿದ್ದರೂ ಮಾರಾಟ, ಸ್ವಲ್ಪ ಕೊಟ್ಟು ಉಳಿದದ್ದಕ್ಕೆ ಮಾತು ಕೊಟ್ಟಿದ್ದರೂ ಮಾರಾಟವೇ.

ಇದರ ಪರಿಣಾಮ ಎಷ್ಟು ಕಠಿಣ ಎಂಬುದಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗುಜರಾತಿನ ಒಂದು ಪ್ರಕರಣ ನೋಡಬಹುದು. ಅಲ್ಲಿ 2009ರಲ್ಲಿ ಸುಮಾರು ₹1.74 ಕೋಟಿ ಬೆಲೆಗೆ ಜಮೀನಿನ ಕ್ರಯಪತ್ರವಾಗಿತ್ತು. ಹಣವನ್ನು 36 ಚೆಕ್‌ಗಳಲ್ಲಿ ಕೊಟ್ಟಿರುವುದಾಗಿ ಪತ್ರದಲ್ಲಿ ಬರೆದಿತ್ತು. ತಮಗೆ ನಿಜವಾಗಿ ಸಿಕ್ಕಿದ್ದು ಬರೀ ₹40,000 ಎಂದು ಮಾರಿದವರು ವರ್ಷಗಳ ನಂತರ ದಾವೆ ಹೂಡಿ, ಕ್ರಯಪತ್ರ ರದ್ದುಮಾಡಿ ಎಂದು ಕೇಳಿದರು. ಅವರ ಮಾತು ನಿಜ ಎಂದೇ ಇಟ್ಟುಕೊಂಡರೂ, ಬೆಲೆಯ ಒಂದು ಭಾಗ ಬಂದಿಲ್ಲ ಎಂಬ ಕಾರಣಕ್ಕೆ ನೋಂದಣಿಯಾದ ಕ್ರಯಪತ್ರ ರದ್ದಾಗುವುದಿಲ್ಲ ಎಂದು ಕೋರ್ಟ್ ಹೇಳಿತು. ಬಾಕಿ ಹಣ ವಸೂಲಿಗೆ ಬೇರೆ ದಾರಿ ಹಿಡಿಯಬಹುದು, ಆಸ್ತಿ ಮಾತ್ರ ವಾಪಸ್ ಬರುವುದಿಲ್ಲ. ದಾವೆಯ ಕಾಲಮಿತಿಯೂ ಮೀರಿತ್ತು. ಕೊನೆಗೆ ದಾವೆ ವಿಚಾರಣೆಗೇ ನಿಲ್ಲಲಿಲ್ಲ.

ಮಾರುವವರಿಗೆ ಕಾನೂನು ಪೂರ್ತಿ ಕೈಕೊಟ್ಟಿಲ್ಲ ಎಂಬುದೂ ನಿಜ. ಬಾಕಿ ಹಣಕ್ಕೆ ಆ ಆಸ್ತಿಯ ಮೇಲೆ ಅವರಿಗೆ ಒಂದು ಹಕ್ಕು ಉಳಿಯುತ್ತದೆ. ಆದರೆ ಅದನ್ನು ದಕ್ಕಿಸಿಕೊಳ್ಳಲು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಇಷ್ಟೆಲ್ಲ ತಿಳಿದ ವಕೀಲರು ತಮ್ಮ ಕಕ್ಷಿದಾರರಿಗೆ 'ಡಿಡಿ ಕೈಗೆ ಬಂದರೆ ಮಾತ್ರ ಸಹಿ ಹಾಕಿ' ಎಂದು ಹೇಳಿದರೆ ಅದನ್ನು ಹಳೆಯ ಕಾಲದ ಹಠ ಎನ್ನುವುದು ತಪ್ಪು.

₹72 ಲಕ್ಷದ ಮನೆ: ಯಾವ ಹಣ ಹೇಗೆ ಹೋಗಬೇಕು

ಒಂದು ಲೆಕ್ಕ ಹಾಕಿ ನೋಡೋಣ. ಮನೆಯ ಬೆಲೆ ₹72 ಲಕ್ಷ. ಕೊಳ್ಳುವವರು ₹54 ಲಕ್ಷ ಗೃಹಸಾಲ ತೆಗೆದುಕೊಳ್ಳುತ್ತಿದ್ದಾರೆ. ಮಾರುವವರು ಇದೇ ಮನೆಯ ಮೇಲೆ ಹಿಂದೆ ಮಾಡಿದ ಸಾಲದಲ್ಲಿ ₹18 ಲಕ್ಷ ಬಾಕಿಯಿದೆ, ಮೂಲ ದಾಖಲೆಗಳು ಹಳೆಯ ಬ್ಯಾಂಕಿನಲ್ಲಿವೆ.

ಕರಾರಿನ ದಿನ ₹5 ಲಕ್ಷ ಮುಂಗಡ. ಇದನ್ನು ಆನ್‌ಲೈನ್‌ನಲ್ಲೇ ಕಳಿಸಬೇಕು. ಯುಟಿಆರ್ ಸಂಖ್ಯೆಯನ್ನು ಕರಾರುಪತ್ರದಲ್ಲಿ ಬರೆದರೆ ಆಮೇಲೆ ತಕರಾರಿಗೆ ಜಾಗವಿರುವುದಿಲ್ಲ. ಬೆಲೆ ₹50 ಲಕ್ಷ ಮುಟ್ಟಿರುವುದರಿಂದ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದು ₹72,000, ಕಟ್ಟುವುದು ಆನ್‌ಲೈನ್‌ನಲ್ಲೇ. ಉಳಿದದ್ದು ₹66,28,000.

ಇದರಲ್ಲಿ ₹18 ಲಕ್ಷ ಹಳೆಯ ಬ್ಯಾಂಕಿಗೆ ಹೋಗಬೇಕು. ಈ ಪಾಲು ಮಾರುವವರ ಕೈಗೆ ಸಿಗಬಾರದು. ಸಿಕ್ಕರೆ ಅವರು ಸಾಲ ತೀರಿಸುತ್ತಾರೆ ಎಂಬುದಕ್ಕೆ ಖಾತ್ರಿಯಿಲ್ಲ. ಅದಕ್ಕೇ ಹೊಸ ಬ್ಯಾಂಕ್ ಡಿಡಿಯನ್ನು ಹಳೆಯ ಬ್ಯಾಂಕಿನ ಹೆಸರಲ್ಲಿ ಮಾಡಿಸಿ, ಪಕ್ಕದಲ್ಲೇ ಸಾಲದ ಖಾತೆ ಸಂಖ್ಯೆಯನ್ನೂ ಬರೆಸುತ್ತದೆ. ಹಣ ಬೇರೆಲ್ಲಿಗೂ ತಿರುಗದಂತೆ ಇದು ತಡೆಯುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ಡಿಡಿ ಅಗತ್ಯವಿಲ್ಲದ ಜಾಗ ಇದು. ಇಲ್ಲಿ ಹಣವನ್ನು ಹಿಡಿದಿಟ್ಟುಕೊಳ್ಳುವ ಉದ್ದೇಶವಿಲ್ಲ. ಅದು ಬೇಗ ತಲುಪಿದಷ್ಟೂ ಒಳ್ಳೆಯದು. ಸಾಲ ತೀರಿಸುವ ಮೊತ್ತಕ್ಕೆ ಬ್ಯಾಂಕ್ ಕೊಡುವ ಫೋರ್‌ಕ್ಲೋಷರ್ ಪತ್ರದಲ್ಲಿ ದಿನಕ್ಕಿಷ್ಟು ಬಡ್ಡಿ ಎಂದು ಬರೆದಿರುತ್ತದೆ. ಶೇ 9ರ ದರದಲ್ಲಿ ₹18 ಲಕ್ಷಕ್ಕೆ ಒಂದು ದಿನದ ಬಡ್ಡಿ ಸುಮಾರು ₹444. ಡಿಡಿ ಮಾಡಿಸಿ, ಹಳೆಯ ಶಾಖೆಗೆ ತಲುಪಿಸಿ, ಅದು ಸಾಲದ ಖಾತೆಗೆ ಜಮೆಯಾಗುವಷ್ಟರಲ್ಲಿ ನಾಲ್ಕು ದಿನ ಕಳೆದರೆ ₹1,775ರಷ್ಟು ಕೊರತೆ ಬೀಳುತ್ತದೆ. ಇಷ್ಟು ಸಣ್ಣ ಮೊತ್ತಕ್ಕೂ ಸಾಲ 'ಮುಗಿದಿಲ್ಲ' ಎಂದೇ ಕಾಣುತ್ತದೆ. ಸಾಲ ಮುಗಿಯದೆ ಮೂಲ ದಾಖಲೆ ಬರುವುದಿಲ್ಲ, ದಾಖಲೆ ಬರದೆ ನೋಂದಣಿ ನಡೆಯುವುದಿಲ್ಲ.

ಆರ್‌ಟಿಜಿಎಸ್ ಆದರೆ ಆ ದಿನದ ಮೊತ್ತ ಆ ದಿನವೇ ಸೇರುತ್ತದೆ. ಒಂದೇ ಎಚ್ಚರಿಕೆ ಎಂದರೆ ಯಾವ ಖಾತೆಗೆ, ಯಾವ ಉಲ್ಲೇಖದೊಂದಿಗೆ ಕಳಿಸಬೇಕು ಎಂಬುದನ್ನು ಹಳೆಯ ಬ್ಯಾಂಕಿನಿಂದ ಲಿಖಿತವಾಗಿ ಪಡೆಯಬೇಕು. ಇಲ್ಲದಿದ್ದರೆ ಹಣ ಸಾಲದ ಭಾಗಶಃ ಮರುಪಾವತಿ ಎಂದು ಸೇರಿಕೊಂಡು, ಸಾಲ ಮುಕ್ತಾಯವಾಗದೆ ಉಳಿಯಬಹುದು. ಡಿಡಿಯೇ ಬೇಕೆಂದು ಬ್ಯಾಂಕ್ ಪಟ್ಟು ಹಿಡಿದರೆ ಒಂದು ವಾರದ ಬಡ್ಡಿಯನ್ನು ಸೇರಿಸಿಯೇ ಡಿಡಿ ಮಾಡಿಸುವುದು ಜಾಣತನ. ಹೆಚ್ಚಾದದ್ದು ಮಾರುವವರಿಗೆ ವಾಪಸ್ ಬರುತ್ತದೆ. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ದಾಖಲೆ ಕೊಡಬೇಕು, ತನ್ನ ಕಾರಣದಿಂದ ತಡವಾದರೆ ಬ್ಯಾಂಕ್ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಆ 30 ದಿನ ಶುರುವಾಗುವುದು ಕೊನೆಯ ರೂಪಾಯಿ ಜಮೆಯಾದ ಮೇಲೆ.

ಈಗ ಉಳಿದದ್ದು ₹48,28,000. ಇದರಲ್ಲಿ ₹36 ಲಕ್ಷ ಹೊಸ ಬ್ಯಾಂಕಿನ ಸಾಲದಿಂದ, ₹12,28,000 ಕೊಳ್ಳುವವರ ಸ್ವಂತ ಉಳಿತಾಯದಿಂದ. ಎರಡೂ ನೇರ ಮಾರುವವರಿಗೆ ಸೇರಬೇಕಾದ ಹಣ, ಎರಡೂ ಸಹಿಯ ಕ್ಷಣಕ್ಕೆ ಕಟ್ಟಿಹಾಕಿದ ಹಣ. ಡಿಡಿಗೆ ನಿಜವಾದ ಕೆಲಸವಿರುವುದು ಇಲ್ಲಿ. ಬ್ಯಾಂಕಿನ ಪ್ರತಿನಿಧಿ ಅಥವಾ ವಕೀಲರು ₹36 ಲಕ್ಷದ ಡಿಡಿ ಹಿಡಿದು ಕಚೇರಿಗೆ ಬರುತ್ತಾರೆ. ನೋಂದಣಿ ಮುಗಿದ ಕೂಡಲೇ ಡಿಡಿ ಮಾರುವವರಿಗೆ, ನೋಂದಣಿಯಾದ ಪತ್ರ ಬ್ಯಾಂಕಿನವರಿಗೆ. ಹಣ ನೋಂದಣಾಧಿಕಾರಿಯ ಎದುರಿನಲ್ಲೇ ಕೈ ಬದಲಾದರೆ ಅದನ್ನು ಪತ್ರದ ಮೇಲೆ ಷರಾ ಬರೆಯಲು ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ.

ಡಿಡಿ ಕಾಯುತ್ತಾ ಕೂತರೆ ಬಡ್ಡಿ ಯಾರ ತಲೆಗೆ?

ಬ್ಯಾಂಕುಗಳ ವಾದ ಸ್ಪಷ್ಟ. ಆಸ್ತಿ ಸಾಲಗಾರರ ಹೆಸರಿಗೆ ಬರುವುದು ಖಚಿತವಾಗದೆ ಹಣ ಬಿಡಲು ಅವರಿಗೆ ಆಗುವುದಿಲ್ಲ. ಆದರೆ ಡಿಡಿ ಅಚ್ಚಾದ ದಿನವೇ ಅವರ ಪುಸ್ತಕದಲ್ಲಿ ಸಾಲ ಬಿಡುಗಡೆಯಾದ ಲೆಕ್ಕ. ಸರ್ವರ್ ಕೈಕೊಟ್ಟಿತು, ಮಾರುವವರ ಅಣ್ಣ ಊರಿಂದ ಬರಲಿಲ್ಲ, ಆಸ್ತಿಯ ಖಾತೆಯಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ನೋಂದಣಿ ಹತ್ತು ದಿನ ಮುಂದೆ ಹೋದರೆ, ಡಿಡಿ ಬೀರುವಿನಲ್ಲಿ ಕೂತಿರುತ್ತದೆ, ಬಡ್ಡಿ ಮಾತ್ರ ಏರುತ್ತಿರುತ್ತದೆ. ನಮ್ಮ ಲೆಕ್ಕದ ₹36 ಲಕ್ಷಕ್ಕೆ ಶೇ 8.5ರಂತೆ ಹತ್ತು ದಿನದ ಬಡ್ಡಿ ಸುಮಾರು ₹8,400. ಈ ಅವಧಿಯಲ್ಲಿ ಹಣ ಮಾರುವವರ ಬಳಿಯೂ ಇಲ್ಲ, ಕೊಳ್ಳುವವರ ಬಳಿಯೂ ಇಲ್ಲ. ಬ್ಯಾಂಕಿನ ಬಳಿಯೇ ಇದೆ.

ರಿಸರ್ವ್ ಬ್ಯಾಂಕ್ ಇದನ್ನು ಗಮನಿಸಿದೆ. 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ, ಚೆಕ್ ಮೂಲಕ ಸಾಲ ಕೊಡುವಾಗ ಚೆಕ್‌ನ ದಿನಾಂಕದಿಂದಲೇ ಬಡ್ಡಿ ಹಾಕಿ, ಚೆಕ್ಕನ್ನು ಮಾತ್ರ ಹಲವು ದಿನಗಳ ನಂತರ ಕೊಟ್ಟ ಪ್ರಕರಣಗಳು ತಪಾಸಣೆಯಲ್ಲಿ ಕಂಡವು ಎಂದು ಅದು ಹೇಳಿತು. ಇದು ನ್ಯಾಯವಲ್ಲ ಎಂದಿತು. ಹೀಗೆ ಹಾಕಿದ ಹೆಚ್ಚುವರಿ ಬಡ್ಡಿಯನ್ನು ಹಿಂತಿರುಗಿಸುವಂತೆ ಬ್ಯಾಂಕುಗಳಿಗೆ ತಾನು ಸೂಚಿಸಿರುವುದಾಗಿ ತಿಳಿಸಿತು. ಸಾಲ ಬಿಡುಗಡೆಗೆ ಚೆಕ್ ಬದಲು ಆನ್‌ಲೈನ್ ವರ್ಗಾವಣೆ ಬಳಸುವುದನ್ನು ಪ್ರೋತ್ಸಾಹಿಸುತ್ತಿರುವುದಾಗಿಯೂ ಹೇಳಿತು.

ಗೊಂದಲ ಹುಟ್ಟುವುದು ಇಲ್ಲೇ. ನಿಯಂತ್ರಕರು ಆನ್‌ಲೈನ್ ಮಾಡಿ ಎನ್ನುತ್ತಾರೆ, ಶಾಖೆಯವರು ಡಿಡಿಯನ್ನೇ ಮಾಡುತ್ತಾರೆ. ಇಬ್ಬರೂ ಬೇರೆ ಬೇರೆ ಅಪಾಯ ನೋಡುತ್ತಿದ್ದಾರೆ. ರಿಸರ್ವ್ ಬ್ಯಾಂಕಿಗೆ ಕಾಣುವುದು ಸಾಲಗಾರರ ಬಡ್ಡಿಯ ನಷ್ಟ. ಶಾಖೆಗೆ ಕಾಣುವುದು ಸಹಿಗೆ ಮುಂಚೆ ಹಣ ಹೋಗುವ ಅಪಾಯ. ಎರಡನ್ನೂ ನಿಭಾಯಿಸಲು ಒಂದು ದಾರಿಯಿದೆ: ಡಿಡಿಯನ್ನು ನೋಂದಣಿಯ ಹಿಂದಿನ ದಿನ ಮಾತ್ರ ಮಾಡಿಸುವುದು, ಬಡ್ಡಿಯನ್ನು ಅದು ಕೈ ಬದಲಾದ ದಿನದಿಂದ ಎಣಿಸುವುದು. ಸುತ್ತೋಲೆಯ ಆಶಯವೂ ಇದೇ. ಆದರೆ ಸಾಲಗಾರರು ಕೇಳದಿದ್ದರೆ ಇದು ತಾನಾಗಿ ಆಗುತ್ತದೆ ಎಂದು ನಂಬಿ ಕೂರಬಾರದು. ಮೊದಲ ಕಂತಿನ ಲೆಕ್ಕಪಟ್ಟಿ ಬಂದಾಗ ಬಡ್ಡಿ ಶುರುವಾದ ದಿನಾಂಕವನ್ನು ನೋಂದಣಿ ದಿನಾಂಕದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಕೈಯಲ್ಲಿರುವ ಕಾಗದ ಅಸಲಿಯೇ?

ಡಿಡಿ ಬೌನ್ಸ್ ಆಗುವುದಿಲ್ಲ ಎಂಬ ಮಾತು ಅಸಲಿ ಡಿಡಿಗೆ ಮಾತ್ರ ಸರಿ. ನಕಲಿ ಡಿಡಿ ಅಥವಾ ಮೊತ್ತ ತಿದ್ದಿದ ಡಿಡಿ ಕ್ಲಿಯರಿಂಗ್‌ಗೆ ಹೋದಾಗ ವಾಪಸ್ ಬರುತ್ತದೆ, ಅಷ್ಟರಲ್ಲಿ ಸಹಿ ಆಗಿರುತ್ತದೆ. ಡಿಡಿಯ ಬಲವೆಲ್ಲ ಅದನ್ನು ಕೊಟ್ಟ ಬ್ಯಾಂಕಿನಿಂದ ಬಂದದ್ದು, ಹಾಗಾಗಿ ವಿಚಾರಿಸಬೇಕಾದದ್ದೂ ಆ ಬ್ಯಾಂಕನ್ನೇ. ಡಿಡಿಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಅಸಲಿ ಡಿಡಿಯ ಫೋಟೊ ಕಳಿಸಿ, ಅದೇ ದಿನ ಆ ಡಿಡಿಯನ್ನು ಬ್ಯಾಂಕಿಗೆ ಮರಳಿಸಿ ರದ್ದು ಮಾಡಿಸಿಕೊಳ್ಳಲು ಮಾಡಿಸಿದವರಿಗೆ ಸಾಧ್ಯವಿದೆ. ಎದುರಿನವರ ಕೈಗೆ ಹೋಗುವವರೆಗೆ ಅದು ಅವರದೇ.

ಹಾಗಾಗಿ ಮಾರುವವರು ನೋಂದಣಿಗೆ ಮುಂಚೆ ಡಿಡಿ ಕೊಟ್ಟ ಶಾಖೆಯಿಂದಲೇ ಸಂಖ್ಯೆ, ಮೊತ್ತ, ತಮ್ಮ ಹೆಸರು ಮೂರನ್ನೂ ಖಚಿತಪಡಿಸಿಕೊಳ್ಳಬೇಕು. ಶಾಖೆಯ ಫೋನ್ ನಂಬರನ್ನು ಎದುರಿನವರಿಂದ ತೆಗೆದುಕೊಳ್ಳಬಾರದು. ಸಾಧ್ಯವಾದರೆ ಜೊತೆಯಲ್ಲಿ ಹೋಗಿ ಡಿಡಿ ಮಾಡಿಸಿಕೊಂಡು ಬರುವುದೇ ವಾಸಿ. ಮಾಡಿಸಿದವರ ಹೆಸರು ಮುಖದ ಮೇಲಿರಬೇಕೆಂಬ 2018ರ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಕ್ರಯಪತ್ರದಲ್ಲಿರುವ ಕೊಳ್ಳುವವರ ಹೆಸರು ಅಥವಾ ಅವರಿಗೆ ಸಾಲ ಕೊಟ್ಟ ಬ್ಯಾಂಕಿನ ಉಲ್ಲೇಖ ಬಿಟ್ಟು ಬೇರೆ ಯಾರದೋ ಹೆಸರಿದ್ದರೆ ನಿಂತು ಕೇಳಬೇಕು. ಮಾರುವವರ ಹೆಸರು ಅವರ ಬ್ಯಾಂಕ್ ಖಾತೆಯಲ್ಲಿ ಇರುವ ಹಾಗೆಯೇ ಡಿಡಿಯಲ್ಲೂ ಇರಬೇಕು. ಖಾತೆಯಲ್ಲಿ ಬರೀ ಇನಿಷಿಯಲ್, ಡಿಡಿಯಲ್ಲಿ ಅಪ್ಪನ ಪೂರ್ತಿ ಹೆಸರು ಎಂದಾದರೆ ಜಮೆ ಮಾಡುವಾಗ ತಕರಾರು ಬರುತ್ತದೆ.

ಡಿಡಿ ಕಳೆದುಹೋದರೆ ಹಣ ಹೋಗುವುದಿಲ್ಲ, ಸಮಯ ಹೋಗುತ್ತದೆ. ನಷ್ಟಭರ್ತಿ ಮುಚ್ಚಳಿಕೆ ಬರೆದುಕೊಟ್ಟು ನಕಲು ಡಿಡಿ ಕೇಳಬೇಕು. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಬ್ಯಾಂಕ್ ಅದನ್ನು ಕೊಡಬೇಕು, ತಡವಾದರೆ ಆ ಅವಧಿಗೆ ಠೇವಣಿ ದರದ ಬಡ್ಡಿ ಕೊಡಬೇಕು.

ಆನ್‌ಲೈನ್‌ನ ಮುಖ್ಯ ಅಪಾಯ ಬೇರೆ ತರಹದ್ದು. ಅಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಒಂದು ಅಂಕಿ ತಪ್ಪಿ, ಆ ಸಂಖ್ಯೆಯ ಖಾತೆ ನಿಜಕ್ಕೂ ಇದ್ದರೆ ಹಣ ಅಪರಿಚಿತರಿಗೆ ಸೇರುತ್ತದೆ. ಈ ಕೊರತೆ ಬಹಳ ಕಾಲ ಇತ್ತು. 2025ರ ಏಪ್ರಿಲ್ 1ರೊಳಗೆ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲೂ ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತು. ದೊಡ್ಡ ಮೊತ್ತ ಕಳಿಸುವಾಗ ಆ ಹೆಸರು ಓದದೆ ಮುಂದೆ ಹೋಗಬಾರದು.

ಟೆಂಡರ್‌ಗೂ ಅರ್ಜಿ ಶುಲ್ಕಕ್ಕೂ ಒಂದೇ ನ್ಯಾಯವಲ್ಲ

ಟೆಂಡರ್ ಹಾಕುವಾಗ ಕೇಳುವ ಇಎಂಡಿ ಎಂಬ ಠೇವಣಿ ಕೂಡ ಹಿಡಿದಿಟ್ಟುಕೊಳ್ಳುವ ಹಣವೇ. ಟೆಂಡರ್ ಸಿಕ್ಕವರು ಹಿಂದೆ ಸರಿದರೆ ಮುಟ್ಟುಗೋಲು, ಸಿಗದವರಿಗೆ ವಾಪಸ್. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದಕ್ಕೆ ಡಿಡಿ, ಬ್ಯಾಂಕರ್ಸ್ ಚೆಕ್, ಎಫ್‌ಡಿ ರಸೀದಿ, ಬ್ಯಾಂಕ್ ಗ್ಯಾರಂಟಿಗಳನ್ನು ಒಪ್ಪುತ್ತವೆ. ಗುತ್ತಿಗೆದಾರರ ಕಡೆಯಿಂದ ನೋಡಿದರೆ ಇವುಗಳಲ್ಲಿ ಡಿಡಿಯೇ ದುಬಾರಿ. ಎಫ್‌ಡಿ ಅಡವಿಟ್ಟರೆ ಅದರ ಮೇಲೆ ಬಡ್ಡಿ ಬರುತ್ತಲೇ ಇರುತ್ತದೆ. ಡಿಡಿ ಮಾಡಿಸಿದರೆ ಆ ಹಣ ಇಲಾಖೆಯ ಕಡತದಲ್ಲಿ ಬಡ್ಡಿಯಿಲ್ಲದೆ ಮಲಗುತ್ತದೆ. ತೀರ್ಮಾನ ಮೂರು ತಿಂಗಳು ದಾಟಿದರೆ ಡಿಡಿಯ ಅವಧಿ ಮುಗಿದು, ಕೊಟ್ಟ ಬ್ಯಾಂಕಿಗೆ ಮತ್ತೆ ಹೋಗಿ ನವೀಕರಿಸಬೇಕು. ಇಂಥ ಕಡೆ ಆನ್‌ಲೈನ್ ಇಎಂಡಿಗೆ, ಅದೇ ಖಾತೆಗೆ ತಾನಾಗಿ ಮರುಪಾವತಿಯಾಗುವ ವ್ಯವಸ್ಥೆಗೆ ಹೋಗುವುದೇ ಸರಿ. ಏಕೆಂದರೆ ಇಲ್ಲಿ ಹಣ ಹಿಡಿದಿಟ್ಟುಕೊಳ್ಳುವವರು ಸರ್ಕಾರಿ ಇಲಾಖೆ. ಸಹಿ ಹಾಕಲು ಎದುರು ಬದುರು ಕೂತ ಇಬ್ಬರು ಅಪರಿಚಿತರ ಸಮಸ್ಯೆ ಅಲ್ಲಿಲ್ಲ.

ಕಾಲೇಜಿನ ಅರ್ಜಿ, ಪ್ರಮಾಣಪತ್ರದ ಶುಲ್ಕಕ್ಕೆ ಡಿಡಿ ಕೇಳುವುದರ ಹಿಂದಿನ ಕಾರಣ ಪೂರ್ತಿ ಬೇರೆ. ಅಲ್ಲಿ ಹಣ ಹಿಡಿದಿಡುವ ಮಾತೇ ಇಲ್ಲ, ಯಾರ ಹಣ ಯಾವ ಅರ್ಜಿಗೆ ಎಂದು ಹೊಂದಿಸಿಕೊಳ್ಳುವುದಷ್ಟೇ ಕಷ್ಟ. ಒಂದೇ ಖಾತೆಗೆ ದಿನಕ್ಕೆ ನೂರಾರು ಎನ್‌ಇಎಫ್‌ಟಿ ಬಂದು ಬಿದ್ದರೆ ಗುಮಾಸ್ತರಿಗೆ ಯಾವುದು ಯಾರದು ಎಂದು ಗೊತ್ತಾಗುವುದಿಲ್ಲ. ಡಿಡಿಯ ಹಿಂದೆ ಹೆಸರು, ಅರ್ಜಿ ಸಂಖ್ಯೆ ಬರೆಸಿ ಕಡತಕ್ಕೆ ಪಿನ್ ಮಾಡಿದರೆ ಕೆಲಸ ಮುಗಿಯಿತು. ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಕರ್ನಾಟಕ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಖಜಾನೆ-2ರಲ್ಲಿ ಪ್ರತಿ ಪಾವತಿಗೂ ಚಲನ್ ಸಂಖ್ಯೆ ಹುಟ್ಟುತ್ತದೆ, ಹಣ ಆ ಸಂಖ್ಯೆಯ ಜೊತೆಗೇ ಬರುತ್ತದೆ. ₹200ರ ಶುಲ್ಕಕ್ಕೆ ವಿದ್ಯಾರ್ಥಿಯನ್ನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಿ, ಡಿಡಿ ಕಮಿಷನ್ ಮತ್ತು ಅದರ ಮೇಲಿನ ಜಿಎಸ್‌ಟಿ ಕೊಡಿಸುವುದಕ್ಕೆ ಇವತ್ತು ಯಾವ ಸಮರ್ಥನೆಯೂ ಇಲ್ಲ. ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ಮಾಡುವ ಎನ್‌ಇಎಫ್‌ಟಿಗೆ 2020ರ ಜನವರಿಯಿಂದ ಶುಲ್ಕವೇ ಇಲ್ಲ.

ಆಸ್ತಿ ವ್ಯವಹಾರದಲ್ಲಿ ಡಿಡಿ ಯಾವಾಗ ಹೋಗಬಹುದು

ಹಣವನ್ನು ಮೂರನೆಯವರ ಖಾತೆಯಲ್ಲಿ ಇಟ್ಟು, ನೋಂದಣಿ ಸಂಖ್ಯೆ ಬಂದ ಕೂಡಲೇ ಮಾರುವವರಿಗೆ ಬಿಡುವ ಎಸ್ಕ್ರೋ ವ್ಯವಸ್ಥೆ ನಮ್ಮಲ್ಲಿ ಗೊತ್ತಿಲ್ಲದ್ದೇನಲ್ಲ. ಆದರೆ ಒಂದು ಸೈಟು, ಒಂದು ಮನೆ ಮಾರುವ ಸಾಮಾನ್ಯ ಜನರ ಮಟ್ಟಕ್ಕೆ ಅದು ಇಳಿದಿಲ್ಲ. ಕಾವೇರಿಯಂಥ ನೋಂದಣಿ ವ್ಯವಸ್ಥೆಗೂ ಬ್ಯಾಂಕಿನ ಪಾವತಿ ವ್ಯವಸ್ಥೆಗೂ ನೇರ ಸಂಪರ್ಕ ಬಂದು, ನೋಂದಣಾಧಿಕಾರಿ ಅನುಮೋದಿಸಿದ ಕ್ಷಣಕ್ಕೆ ಹಣ ಬಿಡುಗಡೆಯಾಗುವ ಹಾಗಾದರೆ ಡಿಡಿಗೆ ಇಲ್ಲಿ ಕೆಲಸವಿರುವುದಿಲ್ಲ. ಅದು ಬರುವ ತನಕ ಕೊಳ್ಳುವವರು ತಮ್ಮ ಬ್ಯಾಂಕಿನೊಡನೆ ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು: ಹಳೆಯ ಸಾಲದ ಪಾಲನ್ನು ಆರ್‌ಟಿಜಿಎಸ್‌ನಲ್ಲಿ ಕಳಿಸುತ್ತಾರೆಯೇ, ಮಾರುವವರ ಪಾಲಿನ ಡಿಡಿಯನ್ನು ಯಾವ ದಿನ ಮಾಡಿಸುತ್ತಾರೆ, ನೋಂದಣಿ ಮುಂದೆ ಹೋದರೆ ಡಿಡಿ ರದ್ದುಮಾಡಿ ಆ ದಿನಗಳ ಬಡ್ಡಿಯನ್ನು ಕೈಬಿಡುತ್ತಾರೆಯೇ. ಮೂರಕ್ಕೂ ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಭರವಸೆಯನ್ನು, ಮುಂದೆ ಲೆಕ್ಕಪಟ್ಟಿಯಲ್ಲಿ ಬಡ್ಡಿ ಬಿದ್ದಾಗ, ತೋರಿಸಲು ಆಗುವುದಿಲ್ಲ.